ಎರಡು ಬಿಲ್ಲೆಗಳ ನಡುವಿನ ಜಾಗ

ಮೂತ್ರದ ಕಲ್ಚರ್ ರಿಪೋರ್ಟು ಕೈಗೆ ಬಂದರೆ ನಾವೆಲ್ಲ ಮೊದಲು ನೋಡುವುದು ಔಷಧಿಗಳ ಪಟ್ಟಿಯನ್ನು. ಯಾವುದರ ಎದುರು ಎಸ್ ಅಂದರೆ ಸೆನ್ಸಿಟಿವ್ ಎಂದಿದೆ, ಯಾವುದರ ಎದುರು ಆರ್ ಅಂದರೆ ರೆಸಿಸ್ಟೆಂಟ್ ಎಂದಿದೆ ಎಂಬಷ್ಟೇ ನಮಗೆ ಮುಖ್ಯ. ಆ ಪಟ್ಟಿಯ ಅಡಿಯಲ್ಲಿ ಕೆಲವೊಮ್ಮೆ ‘ಇಎಸ್‌ಬಿಎಲ್ ಉತ್ಪಾದಕ’ ಎಂಬ ಸಾಲೊಂದು ಇರುತ್ತದೆ. ಅದನ್ನು ಬರೆಯಲು ಲ್ಯಾಬಿನವರು ಹೇಗೆ ಧೈರ್ಯ ಮಾಡುತ್ತಾರೆ? ಬ್ಯಾಕ್ಟೀರಿಯಾದ ಒಳಗೆ ಇಂಥದ್ದೇ ಕಿಣ್ವ ಇದೆ ಎಂದು, ಜೀನ್ ಪರೀಕ್ಷೆಯ ಸೌಕರ್ಯವಿಲ್ಲದ ಜಿಲ್ಲಾ ಮಟ್ಟದ ಲ್ಯಾಬೊಂದು ಹೇಳುವುದಾದರೂ ಹೇಗೆ? ಅದಕ್ಕೆ ಇರುವ ದಾರಿಗಳಲ್ಲಿ ಒಂದು, ಅಗರ್ ತಟ್ಟೆಯ ಮೇಲೆ ಔಷಧಿ ಹೀರಿಸಿದ ಎರಡು ಕಾಗದದ ಬಿಲ್ಲೆಗಳನ್ನು ಅಳತೆಯ ಅಂತರದಲ್ಲಿಟ್ಟು ಮರುದಿನ ಅವುಗಳ ನಡುವಿನ ಜಾಗವನ್ನು ನೋಡುವುದು. ಲ್ಯಾಬಿನ ಮಾತಿನಲ್ಲಿ ಇದು ಡಬಲ್ ಡಿಸ್ಕ್ ಸಿನರ್ಜಿ. ಫ್ರಾನ್ಸಿನ ವ್ಯಾಂಸಾಂ ಝಾರ್ಲಿಯೆ ಮತ್ತು ಸಂಗಡಿಗರು 1988ರಲ್ಲಿ ಇದನ್ನು ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೆ ಪರೀಕ್ಷೆಯ ತಿರುಳು ಬದಲಾಗಿಲ್ಲ.

ಮೊದಲು ಆ ಕಿಣ್ವದ ವಿಷಯ. ಪೆನಿಸಿಲಿನ್ ಮತ್ತು ಸೆಫಲೋಸ್ಪೋರಿನ್ ಕುಟುಂಬದ ಎಲ್ಲ ಔಷಧಿಗಳ ನಡುಮಧ್ಯೆ ನಾಲ್ಕು ಪರಮಾಣುಗಳ ಒಂದು ಪುಟ್ಟ ಉಂಗುರವಿದೆ. ಅದಕ್ಕೆ ಬೀಟಾ-ಲ್ಯಾಕ್ಟಮ್ ಉಂಗುರ ಎಂದು ಹೆಸರು. ಔಷಧಿ ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟುವ ಕೆಲಸವನ್ನು ತಡೆಯುವುದು ಆ ಉಂಗುರದ ಬಲದಿಂದಲೇ. ಉಂಗುರ ಒಡೆದರೆ ಔಷಧಿ ಕೆಲಸಕ್ಕೆ ಬಾರದು. ಉಂಗುರ ಒಡೆಯುವ ಕಿಣ್ವಗಳೇ ಬೀಟಾ-ಲ್ಯಾಕ್ಟಮೇಸುಗಳು. ಮೊದಲಿಗೆ ಇವುಗಳ ಕೈಗೆ ಸಿಗುತ್ತಿದ್ದದ್ದು ಆಂಪಿಸಿಲಿನ್‌ನಂಥ ಹಳೆಯ ಔಷಧಿಗಳು ಮಾತ್ರ. ಅವಕ್ಕೆ ಜಗ್ಗದಂತೆ ರೂಪಿಸಿದ ಸೆಫೋಟ್ಯಾಕ್ಸಿಮ್, ಸೆಫ್ಟಾಜಿಡಿಮ್, ಸೆಫ್ಟ್ರಿಯಾಕ್ಸೋನ್‌ಗಳು 1980ರ ದಶಕದಲ್ಲಿ ಆಸ್ಪತ್ರೆಗಳ ನೆಚ್ಚಿನ ಔಷಧಿಗಳಾದವು. ಆದರೆ 1983ರಲ್ಲೇ ಜರ್ಮನಿಯಿಂದ ಕೆಟ್ಟ ಸುದ್ದಿ ಬಂತು: ಹಳೆಯ ಕಿಣ್ವವೊಂದು ಚೂರು ಬದಲಾಗಿ, ಈ ಹೊಸ ಔಷಧಿಗಳ ಉಂಗುರವನ್ನೂ ಒಡೆಯುತ್ತಿತ್ತು. ವ್ಯಾಪ್ತಿ ಹಿಗ್ಗಿಸಿಕೊಂಡ ಇಂಥ ಕಿಣ್ವಗಳನ್ನು ಎಕ್ಸ್‌ಟೆಂಡೆಡ್ ಸ್ಪೆಕ್ಟ್ರಮ್ ಬೀಟಾ-ಲ್ಯಾಕ್ಟಮೇಸ್, ಚಿಕ್ಕದಾಗಿ ಇಎಸ್‌ಬಿಎಲ್ ಎನ್ನುತ್ತಾರೆ. ಇವುಗಳಲ್ಲಿ ಇಂದು ಜಗತ್ತಿನಾದ್ಯಂತ ಹರಡಿರುವುದು ಸಿಟಿಎಕ್ಸ್-ಎಂ-15 ಎಂಬುದು. ಅದು ಮೊದಲು ವರದಿಯಾದದ್ದು ನಮ್ಮ ದೆಹಲಿಯ ರೋಗಿಗಳಿಂದ ಸಂಗ್ರಹಿಸಿದ ಬ್ಯಾಕ್ಟೀರಿಯಾಗಳಲ್ಲಿ, 2001ರಲ್ಲಿ. ಇದರ ಜೀನ್ ಸಾಮಾನ್ಯವಾಗಿ ಪ್ಲಾಸ್ಮಿಡ್ ಎಂಬ ಪ್ರತ್ಯೇಕ ಡಿಎನ್ಎ ಸುರುಳಿಯ ಮೇಲಿರುತ್ತದೆ. ಹಾಗಾಗಿ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ, ಇ. ಕೋಲಿಯಿಂದ ಕ್ಲೆಬ್ಸಿಯೆಲ್ಲಾಕ್ಕೆ ದಾಟುವುದು ಅದಕ್ಕೆ ಕಷ್ಟವೇನಲ್ಲ.

ಈ ಕಿಣ್ವಕ್ಕೆ ಒಂದು ದೌರ್ಬಲ್ಯವಿದೆ. ಪರೀಕ್ಷೆ ನಿಂತಿರುವುದೇ ಅದರ ಮೇಲೆ. ಸ್ಟ್ರೆಪ್ಟೊಮೈಸಿಸ್ ಕ್ಲಾವುಲಿಜೆರಸ್ ಎಂಬ ಬ್ಯಾಕ್ಟೀರಿಯಾದಿಂದ ಸಿಗುವ ಕ್ಲಾವುಲನಿಕ್ ಆಮ್ಲದಲ್ಲೂ ಬೀಟಾ-ಲ್ಯಾಕ್ಟಮ್ ಉಂಗುರವಿದೆ. ಕಿಣ್ವ ಅದನ್ನೂ ಒಡೆಯಲು ಹೋಗುತ್ತದೆ, ಆದರೆ ಒಡೆದ ತುಣುಕು ಕಿಣ್ವಕ್ಕೇ ಕಚ್ಚಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಕ್ಲಾವುಲನಿಕ್ ಆಮ್ಲ ತಾನಾಗಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ತೀರಾ ಕಡಿಮೆ. ಅದು ಮಾಡುವುದು ಕಿಣ್ವವನ್ನು ಕಟ್ಟಿಹಾಕುವ ಕೆಲಸ ಮಾತ್ರ. ಅಮಾಕ್ಸಿಸಿಲಿನ್ ಜೊತೆಗೆ ಇದನ್ನು ಸೇರಿಸಿದ ಮಾತ್ರೆಯನ್ನು ನಮ್ಮಲ್ಲಿ ನುಂಗದವರು ಕಡಿಮೆ. ಅದೇ ಜೋಡಿಯನ್ನು, 20 ಮೈಕ್ರೊಗ್ರಾಂ ಅಮಾಕ್ಸಿಸಿಲಿನ್ ಮತ್ತು 10 ಮೈಕ್ರೊಗ್ರಾಂ ಕ್ಲಾವುಲನಿಕ್ ಆಮ್ಲದ ಪ್ರಮಾಣದಲ್ಲಿ ಹೀರಿಸಿಕೊಂಡ 6 ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆ ಲ್ಯಾಬಿನ ಫ್ರೀಜರಿನಲ್ಲಿರುತ್ತದೆ.

ಈಗ ಒಂದು ಮಾದರಿಯನ್ನು ಹಿಡಿದು ಮುಂದೆ ಹೋಗೋಣ. ಉರಿಮೂತ್ರದ ತೊಂದರೆ ಮೂರನೆಯ ಸಲ ಮರುಕಳಿಸಿದ, ಸಕ್ಕರೆ ಕಾಯಿಲೆಯಿರುವ, ಅರವತ್ತರ ಆಸುಪಾಸಿನ ಒಬ್ಬ ಹೆಂಗಸಿನ ಮೂತ್ರ ಎಂದಿಟ್ಟುಕೊಳ್ಳಿ. ಮೊದಲ ದಿನ 1 ಮೈಕ್ರೊಲೀಟರ್ ಹಿಡಿಯುವ ಲೂಪಿನಿಂದ ಅದನ್ನು ಅಗರ್ ತಟ್ಟೆಯ ಮೇಲೆ ಗೀರಿದ್ದಾರೆ. ಎರಡನೆಯ ದಿನ ಬೆಳಗ್ಗೆ ನೂರಕ್ಕೂ ಮೀರಿ ಕಾಲೊನಿಗಳು ಎದ್ದಿವೆ, ಎಲ್ಲವೂ ಒಂದೇ ತರಹ. ಅಂದರೆ ಪ್ರತಿ ಮಿಲಿಲೀಟರಿಗೆ ಒಂದು ಲಕ್ಷಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ. ಗುರುತಿಸುವ ಪರೀಕ್ಷೆಗಳು ಅದನ್ನು ಇ. ಕೋಲಿ ಎನ್ನುತ್ತವೆ.

ಆ ಕಾಲೊನಿಗಳಲ್ಲಿ ನಾಲ್ಕೈದನ್ನು ಮುಟ್ಟಿ, ಸ್ಟೆರೈಲ್ ಸಲೈನಿನಲ್ಲಿ ಕದಡಿ, 0.5 ಮ್ಯಾಕ್‌ಫಾರ್ಲೆಂಡ್ ಎಂಬ ಗೊತ್ತಾದ ಮಸುಕಿಗೆ ತರುತ್ತಾರೆ. ಹದಿನೈದು ನಿಮಿಷದೊಳಗೆ ಅದರಲ್ಲಿ ಅದ್ದಿದ ಹತ್ತಿಯ ಸ್ವಾಬನ್ನು ಮ್ಯುಲರ್-ಹಿಂಟನ್ ಅಗರಿನ ಮೇಲೆ ಮೂರು ದಿಕ್ಕಿಗೆ ಒತ್ತೊತ್ತಾಗಿ ಸವರುತ್ತಾರೆ. ಅಗರಿನ ದಪ್ಪ 4 ಮಿಲಿಮೀಟರ್ ಇರಬೇಕು. ಆಮೇಲೆ ನಡುವೆ ಅಮಾಕ್ಸಿಕ್ಲಾವ್ ಬಿಲ್ಲೆ, ಅದರ ಸುತ್ತ ಸೆಫೋಟ್ಯಾಕ್ಸಿಮ್, ಸೆಫ್ಟಾಜಿಡಿಮ್, ಸೆಫೆಪಿಮ್ ಬಿಲ್ಲೆಗಳು, ಪ್ರತಿಯೊಂದರಲ್ಲೂ 30 ಮೈಕ್ರೊಗ್ರಾಂ. ನಡುವಿನ ಬಿಲ್ಲೆಯ ಕೇಂದ್ರದಿಂದ ಉಳಿದವುಗಳ ಕೇಂದ್ರಕ್ಕೆ ನಮ್ಮ ಲ್ಯಾಬಿನವರು 30 ಮಿಲಿಮೀಟರ್ ಅಳೆದು ಇಟ್ಟಿದ್ದಾರೆ, ಹಳೆಯ ಕ್ರಮದಲ್ಲಿ ಹೇಳಿರುವಂತೆ. ತಟ್ಟೆಯನ್ನು ಬೋರಲಾಗಿಸಿ 35 ಡಿಗ್ರಿಯ ಇಂಕ್ಯುಬೇಟರಿನಲ್ಲಿ 16ರಿಂದ 18 ಗಂಟೆ ಬಿಡುತ್ತಾರೆ.

ರಾತ್ರಿಯಿಡೀ ತಟ್ಟೆಯಲ್ಲಿ ನಡೆಯುವುದು ಹೀಗೆ. ಬಿಲ್ಲೆಗಳಿಂದ ಔಷಧಿ ಒದ್ದೆ ಅಗರಿನೊಳಕ್ಕೆ ಇಳಿದು ನಾಲ್ಕೂ ಕಡೆ ಹರಡುತ್ತದೆ. ದೂರ ಹೋದಷ್ಟೂ ತೆಳುವಾಗುತ್ತದೆ. ಬ್ಯಾಕ್ಟೀರಿಯಾಗಳು ಬೆಳೆದು ಅಗರನ್ನು ಬೆಳ್ಳಗೆ ಮುಚ್ಚುತ್ತವೆ. ಔಷಧಿ ಸಾಕಷ್ಟು ಗಾಢವಾಗಿದ್ದಲ್ಲಿ ಮಾತ್ರ ಬೆಳೆಯಲಾರದೆ, ಬಿಲ್ಲೆಯ ಸುತ್ತ ಪಾರದರ್ಶಕ ವೃತ್ತವೊಂದು ಉಳಿಯುತ್ತದೆ. ಅದನ್ನು ಝೋನ್ ಎನ್ನುತ್ತಾರೆ. ಇಲ್ಲಿಯವರೆಗೆ ಇದು ಎಲ್ಲ ಸೆನ್ಸಿಟಿವಿಟಿ ಪರೀಕ್ಷೆಗಳ ಕಥೆಯೇ.

ಸಿನರ್ಜಿಯ ವಿಷಯ ಇರುವುದು ಝೋನಿನ ಆಚೆ. ಸೆಫೋಟ್ಯಾಕ್ಸಿಮ್ ಬಿಲ್ಲೆಯಿಂದ ಒಂದಿಷ್ಟು ದೂರದ ಒಂದು ಬಿಂದುವನ್ನು ಯೋಚಿಸಿ. ಅಲ್ಲಿಗೂ ಸೆಫೋಟ್ಯಾಕ್ಸಿಮ್ ತಲುಪಿದೆ, ಕಿಣ್ವವಿಲ್ಲದ ಇ. ಕೋಲಿಯಾಗಿದ್ದರೆ ಸಾಯುವಷ್ಟೂ ಇದೆ. ಆದರೆ ನಮ್ಮ ಬ್ಯಾಕ್ಟೀರಿಯಾ ಕಿಣ್ವ ಸುರಿಸಿ ಅದನ್ನು ಒಡೆದುಹಾಕುತ್ತದೆ, ಆರಾಮಾಗಿ ಬೆಳೆಯುತ್ತದೆ. ಅದೇ ಬಿಂದು ಅಮಾಕ್ಸಿಕ್ಲಾವ್ ಬಿಲ್ಲೆಯ ಕಡೆಗಿದ್ದರೆ, ಅಲ್ಲಿಗೆ ಕ್ಲಾವುಲನಿಕ್ ಆಮ್ಲವೂ ಬಂದಿರುತ್ತದೆ. ಆ ಜಾಗದ ಅಮಾಕ್ಸಿಸಿಲಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುವಷ್ಟಿಲ್ಲ, ಕ್ಲಾವುಲನಿಕ್ ಆಮ್ಲವೂ ಕೊಲ್ಲಲಾರದು. ಆದರೆ ಕಿಣ್ವ ಕಟ್ಟಿಬಿದ್ದಿದೆ. ಈಗ ಅಲ್ಲಿರುವ ಸೆಫೋಟ್ಯಾಕ್ಸಿಮ್ ತನ್ನ ಕೆಲಸ ಮಾಡುತ್ತದೆ. ಎರಡೂ ಬಿಲ್ಲೆಗಳು ಒಂಟಿಯಾಗಿ ಸೋತ ಜಾಗದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಪರಿಣಾಮವಾಗಿ ಸೆಫೋಟ್ಯಾಕ್ಸಿಮ್‌ನ ದುಂಡನೆಯ ಝೋನ್ ಅಮಾಕ್ಸಿಕ್ಲಾವ್ ಕಡೆಗೆ ಮಾತ್ರ ಚಾಚಿಕೊಳ್ಳುತ್ತದೆ. ಲ್ಯಾಬಿನವರು ಇದನ್ನು ಕೀಹೋಲ್ ಎಂದು ಗುರುತಿಸುತ್ತಾರೆ. ಈ ಪರೀಕ್ಷೆಯ ಉತ್ತರ ಮಿಲಿಮೀಟರುಗಳಲ್ಲಿಲ್ಲ, ಆಕಾರದಲ್ಲಿದೆ. ಅದೇ ಇದರ ಸೊಗಸು, ಅದೇ ಇದರ ತೊಡಕೂ ಹೌದು.

ತೊಡಕು ನಮ್ಮ ಮಾದರಿಯಲ್ಲೇ ಎದುರಾಗುತ್ತದೆ. ಮೂರನೆಯ ದಿನ ಬೆಳಗ್ಗೆ ತಟ್ಟೆ ತೆರೆದರೆ ಅಮಾಕ್ಸಿಕ್ಲಾವ್ ಝೋನ್ 15 ಮಿಲಿಮೀಟರ್. ಸೆಫ್ಟಾಜಿಡಿಮ್‌ನದೂ 15. ಸೆಫೆಪಿಮ್ 16. ಸೆಫೋಟ್ಯಾಕ್ಸಿಮ್ ಸುತ್ತ ಝೋನೇ ಇಲ್ಲ, ಬೆಳವಣಿಗೆ ಬಿಲ್ಲೆಯ ಅಂಚಿಗೇ ಬಂದು ಮುಟ್ಟಿದೆ. ಎಲ್ಲಿಯೂ ಸ್ಪಷ್ಟ ಚಾಚು ಕಾಣುವುದಿಲ್ಲ. ಸೆಫೆಪಿಮ್ ಅಂಚು ಒಂದು ಕಡೆ ಸ್ವಲ್ಪ ಚಪ್ಪಟೆಯಾದಂತಿದೆ, ಅಷ್ಟೆ. “ಮೇಡಂ, ಸಿನರ್ಜಿ ಬಂದಿಲ್ಲ, ನೆಗೆಟಿವ್ ಅಂತ ಹಾಕ್ಲಾ?” ಎಂದು ಟೆಕ್ನಿಷಿಯನ್ ಕೇಳಿದರೆ ತಪ್ಪಿಲ್ಲ. ತಟ್ಟೆಯಲ್ಲಿ ಕಾಣುವುದು ಹಾಗೆಯೇ. ಆದರೆ ಹಾಗೆ ಬರೆದುಬಿಟ್ಟರೆ ತಪ್ಪಾಗುತ್ತದೆ.

ಸ್ವಲ್ಪ ಲೆಕ್ಕ ಹಾಕಿ. ಕೇಂದ್ರದಿಂದ ಕೇಂದ್ರಕ್ಕೆ 30 ಮಿಲಿಮೀಟರ್. ಅಮಾಕ್ಸಿಕ್ಲಾವ್ ಕಡೆಯಿಂದ ಝೋನಿನ ಅರ್ಧ, ಅಂದರೆ ಏಳೂವರೆ ಮಿಲಿಮೀಟರ್ ಹೋಯಿತು. ಸೆಫೋಟ್ಯಾಕ್ಸಿಮ್ ಕಡೆಯಿಂದ ಬಿಲ್ಲೆಯ ಅರ್ಧ, 3 ಮಿಲಿಮೀಟರ್ ಹೋಯಿತು. ನಡುವೆ ಹತ್ತೊಂಬತ್ತೂವರೆ ಮಿಲಿಮೀಟರ್ ಉಳಿಯಿತು. ಸೆಫೋಟ್ಯಾಕ್ಸಿಮ್ ಸಾಕಷ್ಟಿರುವ ಕಡೆ ಕ್ಲಾವುಲನಿಕ್ ಆಮ್ಲ ತಲುಪಿಲ್ಲ, ಕ್ಲಾವುಲನಿಕ್ ಆಮ್ಲ ಸಾಕಷ್ಟಿರುವ ಕಡೆ ಸೆಫೋಟ್ಯಾಕ್ಸಿಮ್ ತೆಳುವಾಗಿದೆ. ಎರಡೂ ಬೇಕಾದಷ್ಟಿರುವ ಬಿಂದು ಆ ತಟ್ಟೆಯಲ್ಲಿ ಎಲ್ಲೂ ಇರಲಿಲ್ಲ. ಕಿಣ್ವ ಇಲ್ಲದ್ದರಿಂದಲ್ಲ, ಅದನ್ನು ಹಿಡಿಯುವ ಜಾಗ ಇಲ್ಲದ್ದರಿಂದ ಆಕಾರ ಮೂಡಲಿಲ್ಲ. ಪ್ರತಿರೋಧ ಹೆಚ್ಚಿದ್ದಷ್ಟೂ ಝೋನ್ ಚಿಕ್ಕದಾಗಿ ಇಂಥ ತಪ್ಪು ನೆಗೆಟಿವ್ ಬರುವ ಸಾಧ್ಯತೆ ಹೆಚ್ಚು. ಎಲ್ಲಕ್ಕಿಂತ ಬಲವಾಗಿ ಕಿಣ್ವ ತಯಾರಿಸುವ ಬ್ಯಾಕ್ಟೀರಿಯಾವೇ ಹೀಗೆ ತಪ್ಪಿಸಿಕೊಳ್ಳುತ್ತದೆ ಎಂಬುದನ್ನು ಈ ಪರೀಕ್ಷೆ ಮಾಡುವ ಪ್ರತಿಯೊಬ್ಬರೂ ತಲೆಯಲ್ಲಿಟ್ಟುಕೊಳ್ಳಬೇಕು.

ಯೂರೋಪಿನ ಮಾರ್ಗದರ್ಶಿ ಈ ಕಾರಣಕ್ಕೇ 30 ಮೈಕ್ರೊಗ್ರಾಂ ಬಿಲ್ಲೆಗಳಿಗೆ 20 ಮಿಲಿಮೀಟರ್ ಅಂತರ ತಕ್ಕದ್ದು ಎನ್ನುತ್ತದೆ. ಪ್ರತಿರೋಧ ತೀರಾ ಹೆಚ್ಚಿದ್ದರೆ 15ಕ್ಕೆ ಇಳಿಸಿ, ತೀರಾ ಕಡಿಮೆಯಿದ್ದರೆ 30ಕ್ಕೆ ಏರಿಸಿ ಎಂದೂ ಹೇಳುತ್ತದೆ. ಹಾಗಾದರೆ ಯಾವಾಗಲೂ ಹತ್ತಿರವೇ ಇಟ್ಟುಬಿಡಬಾರದೇ? ಬಾರದು. ಝೋನ್ ದೊಡ್ಡದಿರುವ ಬ್ಯಾಕ್ಟೀರಿಯಾದಲ್ಲಿ ಬಿಲ್ಲೆಗಳು ಹತ್ತಿರವಾದರೆ ಎರಡು ವೃತ್ತಗಳೂ ಒಂದರೊಳಗೊಂದು ಸೇರಿಹೋಗಿ, ಚಾಚು ಇದ್ದರೂ ಅದರೊಳಗೆ ಮುಚ್ಚಿಹೋಗುತ್ತದೆ. ಮೊದಲ ತಟ್ಟೆಯ ಝೋನುಗಳನ್ನು ಅಳೆದು, ಎರಡನೆಯ ತಟ್ಟೆಯ ಅಂತರವನ್ನು ಅದಕ್ಕೆ ತಕ್ಕಂತೆ ಗೊತ್ತುಮಾಡುವುದೇ ಸರಿಯಾದ ಕ್ರಮ ಎಂದು ನನ್ನ ಖಚಿತ ಅಭಿಪ್ರಾಯ.

ನಮ್ಮ ಇ. ಕೋಲಿಯನ್ನು ಮತ್ತೆ ಸವರಿ, ಬಿಲ್ಲೆಗಳನ್ನು 20 ಮಿಲಿಮೀಟರಿಗೆ ತಂದಿಟ್ಟಾಗ ಮರುದಿನದ ತಟ್ಟೆಯೇ ಬೇರೆ. ಸೆಫೆಪಿಮ್ ಮತ್ತು ಸೆಫ್ಟಾಜಿಡಿಮ್ ಝೋನುಗಳು ನಡುವಿನ ಬಿಲ್ಲೆಯ ಕಡೆ ಚಾಚಿ ಅಮಾಕ್ಸಿಕ್ಲಾವ್ ಝೋನನ್ನು ಕೂಡಿಕೊಂಡಿವೆ. ಸೆಫೋಟ್ಯಾಕ್ಸಿಮ್ ಬಿಲ್ಲೆಯ ಹೊರಮಗ್ಗುಲಲ್ಲಿ ಬೆಳವಣಿಗೆ ಅಂಚಿಗೇ ಮುಟ್ಟಿದೆ, ಒಳಮಗ್ಗುಲಲ್ಲಿ ಮಾತ್ರ ಅಗರ್ ನಿಚ್ಚಳವಾಗಿದೆ. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಈ ನಿಚ್ಚಳ ಜಾಗ ಯಾವ ಝೋನಿಗೂ ಅಂಟದೆ, ಎರಡು ಬಿಲ್ಲೆಗಳ ನಡುವೆ ಪ್ರತ್ಯೇಕ ದ್ವೀಪದಂತೆ ಕಾಣಿಸಿಕೊಳ್ಳುವುದೂ ಉಂಟು. ಅದೂ ಪಾಸಿಟಿವ್.

ಆದರೆ ಎರಡು ಝೋನುಗಳು ಕೂಡಿದ್ದನ್ನೆಲ್ಲ ಸಿನರ್ಜಿ ಎನ್ನಲಾಗದು. ಹತ್ತಿರವಿರುವ ಎರಡು ವೃತ್ತಗಳು ಹೇಗೂ ಒಂದನ್ನೊಂದು ತಾಗುತ್ತವೆ. ಹಾಗಾಗಿ ಕಣ್ಣು ಹೋಗಬೇಕಾದದ್ದು ಅವು ಸೇರುವ ಮೂಲೆಗೆ. ಬರಿಯ ಎರಡು ವೃತ್ತಗಳು ಅಡ್ಡಹಾಯ್ದರೆ ಬೆಳವಣಿಗೆ ಆ ಸಂದಿಯೊಳಕ್ಕೆ ಚೂಪಾದ ಮೊನೆಯಾಗಿ ನುಗ್ಗಿರುತ್ತದೆ. ಸಿನರ್ಜಿ ಇದ್ದರೆ ಆ ಮೊನೆ ಮಾಯವಾಗಿರುತ್ತದೆ, ಸಂದಿ ತುಂಬಿಕೊಂಡು ಅಂಚು ಮೊಂಡಾಗಿ ಅಥವಾ ಹೊರಕ್ಕೆ ಉಬ್ಬಿ ಸಾಗುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ತಟ್ಟೆಯನ್ನು ಹಿಡಿದು, ಪಕ್ಕದಿಂದ ಬೀಳುವ ಬೆಳಕಿನಲ್ಲಿ ಓರೆ ಮಾಡಿ ನೋಡಿದರೆ ಈ ವ್ಯತ್ಯಾಸ ಎದ್ದುಕಾಣುತ್ತದೆ. ಅನುಮಾನ ಉಳಿದರೆ ಇನ್ನೊಬ್ಬರ ಕಣ್ಣಿಗೂ ತೋರಿಸುವುದು ಒಳ್ಳೆಯದು. ಅಂಕಿಯಾದರೆ ಸ್ಕೇಲು ಹೇಳುತ್ತದೆ, ಆಕಾರವನ್ನು ಮನುಷ್ಯರೇ ಹೇಳಬೇಕು.

ಈ ಕಾರಣಕ್ಕೆ ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆಯ ಮಾರ್ಗದರ್ಶಿ ಬೇರೆ ವಿಧಾನ ಹಿಡಿದಿದೆ. ಸೆಫೋಟ್ಯಾಕ್ಸಿಮ್ ಬಿಲ್ಲೆ ಒಂದು, ಅದೇ ಔಷಧಿಗೆ ಕ್ಲಾವುಲನಿಕ್ ಆಮ್ಲ ಬೆರೆಸಿದ ಬಿಲ್ಲೆ ಇನ್ನೊಂದು, ಸೆಫ್ಟಾಜಿಡಿಮ್‌ಗೂ ಹಾಗೆಯೇ. ದೂರ ದೂರ ಇಟ್ಟು ಎರಡು ಝೋನುಗಳನ್ನು ಅಳೆಯುವುದು. ಬೆರೆಸಿದ್ದರ ಝೋನ್ 5 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ದೊಡ್ಡದಾದರೆ ಇಎಸ್‌ಬಿಎಲ್. ಇದರಲ್ಲಿ ಓದುವವರ ಕಣ್ಣಿನ ಮೇಲೆ ಅವಲಂಬನೆ ಕಡಿಮೆ. ಹಾಗಿದ್ದೂ ಸಿನರ್ಜಿ ತಟ್ಟೆ ಇನ್ನೂ ಬದುಕಿರುವುದಕ್ಕೆ ಒಂದು ಕಾರಣ, ಅದಕ್ಕೆ ವಿಶೇಷ ಬಿಲ್ಲೆ ಬೇಡ. ದಿನನಿತ್ಯದ ಸೆನ್ಸಿಟಿವಿಟಿಗೆ ಹೇಗೂ ಇಡುವ ಅಮಾಕ್ಸಿಕ್ಲಾವ್ ಬಿಲ್ಲೆಯನ್ನು ಸೆಫಲೋಸ್ಪೋರಿನ್ ಬಿಲ್ಲೆಗಳ ಪಕ್ಕಕ್ಕೆ ಬರುವಂತೆ ಜೋಡಿಸಿದರೆ ಸಾಕು, ಎಷ್ಟೋ ಇಎಸ್‌ಬಿಎಲ್‌ಗಳು ಮೊದಲ ತಟ್ಟೆಯಲ್ಲೇ ಮುಖ ತೋರಿಸುತ್ತವೆ, ಒಂದು ದಿನ ಉಳಿಯುತ್ತದೆ.

ಅಂತರ ಸರಿಯಿದ್ದೂ ಆಕಾರ ಮೂಡದೆ ಇರಬಹುದು. ಅದಕ್ಕೆ ಬ್ಯಾಕ್ಟೀರಿಯಾದ ಒಳಗೇ ಇರುವ ಬೇರೆ ಕಿಣ್ವಗಳು ಕಾರಣ. ಆಂಪ್‌ಸಿ ಎಂಬ ಇನ್ನೊಂದು ಬೀಟಾ-ಲ್ಯಾಕ್ಟಮೇಸ್ ಇದೆ. ಅದು ಕ್ಲಾವುಲನಿಕ್ ಆಮ್ಲಕ್ಕೆ ಬಗ್ಗುವುದಿಲ್ಲ. ಎಂಟೆರೊಬ್ಯಾಕ್ಟರ್‌ನಂಥ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಕ್ಲಾವುಲನಿಕ್ ಆಮ್ಲ ಕಂಡರೆ ಅದರ ಉತ್ಪಾದನೆ ಹೆಚ್ಚುವುದೂ ಉಂಟು. ಇಎಸ್‌ಬಿಎಲ್ ಕಟ್ಟಿಬಿದ್ದರೂ ಆಂಪ್‌ಸಿ ಸೆಫೋಟ್ಯಾಕ್ಸಿಮನ್ನು ಒಡೆಯುತ್ತಲೇ ಇರುತ್ತದೆ, ಚಾಚು ಕಾಣುವುದಿಲ್ಲ. ಸೆಫಾಕ್ಸಿಟಿನ್ ಬಿಲ್ಲೆಯ ಸುತ್ತ ಝೋನ್ ಕುಗ್ಗಿದ್ದರೆ ಆಂಪ್‌ಸಿ ಇರಬಹುದೆಂಬ ಸುಳಿವು, ಏಕೆಂದರೆ ಇಎಸ್‌ಬಿಎಲ್ ತಾನಾಗಿ ಸೆಫಾಕ್ಸಿಟಿನ್‌ಗೆ ಕೈಹಾಕುವುದಿಲ್ಲ. ಆಗ ನೆರವಿಗೆ ಬರುವುದು ಸೆಫೆಪಿಮ್ ಬಿಲ್ಲೆ. ಆಂಪ್‌ಸಿ ಅದನ್ನು ಅಷ್ಟಾಗಿ ಒಡೆಯಲಾರದು, ಇಎಸ್‌ಬಿಎಲ್ ಒಡೆಯುತ್ತದೆ. ಆದ್ದರಿಂದ ಸೆಫೆಪಿಮ್ ಮತ್ತು ಅಮಾಕ್ಸಿಕ್ಲಾವ್ ನಡುವೆ ಮಾತ್ರ ಕೀಹೋಲ್ ಬಂದು ಉಳಿದೆಡೆ ಬಾರದಿದ್ದರೆ ಎರಡೂ ಕಿಣ್ವ ಇವೆಯೆಂದು ಅನುಮಾನಿಸಬೇಕು. ಇನ್ನೂ ಗಟ್ಟಿಮಾಡಿಕೊಳ್ಳಬೇಕಾದರೆ ಅಗರಿಗೆ ಲೀಟರಿಗೆ 250 ಮಿಲಿಗ್ರಾಂ ಕ್ಲಾಕ್ಸಾಸಿಲಿನ್ ಬೆರೆಸುತ್ತಾರೆ. ಅದು ಆಂಪ್‌ಸಿಯನ್ನು ತಡೆಯುತ್ತದೆ, ಹಿಂದೆ ಅಡಗಿದ್ದ ಇಎಸ್‌ಬಿಎಲ್ ಆಕಾರ ಹೊರಬರುತ್ತದೆ.

ಎನ್‌ಡಿಎಂನಂಥ ಕಾರ್ಬಪೆನಮೇಸ್ ಇದ್ದರೆ ಪರಿಸ್ಥಿತಿ ಇನ್ನೂ ಬಿಗಿ. ಅದು ಸೆಫಲೋಸ್ಪೋರಿನ್‌ಗಳ ಜೊತೆಗೆ ಮೆರೊಪೆನಮ್ ಅನ್ನೂ ಒಡೆಯುತ್ತದೆ, ಕ್ಲಾವುಲನಿಕ್ ಆಮ್ಲಕ್ಕೂ ಜಗ್ಗುವುದಿಲ್ಲ. ಅಂಥ ತಟ್ಟೆಯಲ್ಲಿ ಸಿನರ್ಜಿ ಕಾಣದಿದ್ದರೆ ಇಎಸ್‌ಬಿಎಲ್ ಇಲ್ಲವೆಂದು ಅರ್ಥವಲ್ಲ. ಆ ಹೊತ್ತಿಗೆ ಆ ಪ್ರಶ್ನೆಗೆ ಅಷ್ಟು ಬೆಲೆಯೂ ಇರುವುದಿಲ್ಲ, ವೈದ್ಯರಿಗೆ ತುರ್ತಾಗಿ ಹೇಳಬೇಕಾದದ್ದು ಕಾರ್ಬಪೆನಮೇಸ್ ವಿಷಯ. ನಮ್ಮ ಮಾದರಿಯಲ್ಲಿ ಸೆಫಾಕ್ಸಿಟಿನ್ 24 ಮಿಲಿಮೀಟರ್, ಮೆರೊಪೆನಮ್ 30. ಎರಡೂ ನಿರಾಳ ಅಂಕಿಗಳು. ಹಾಗಾಗಿ ಮೊದಲ ತಟ್ಟೆಯ ಮೌನಕ್ಕೆ ಅಂತರವೇ ಕಾರಣವಾಗಿತ್ತು ಎನ್ನಲು ಅಡ್ಡಿಯಿಲ್ಲ.

ಇನ್ನೊಂದು ಕಾರಣ ಫ್ರೀಜರಿನಲ್ಲಿದೆ. ಕ್ಲಾವುಲನಿಕ್ ಆಮ್ಲ ತೇವಕ್ಕೂ ಸೆಕೆಗೂ ಬೇಗ ಕೆಡುವ ವಸ್ತು. ಬಿಲ್ಲೆಗಳ ಡಬ್ಬಿಯನ್ನು ತಣ್ಣಗಿರುವಾಗಲೇ ತೆರೆದರೆ ಒಳಗೆ ಹನಿಗಟ್ಟುತ್ತದೆ, ಕರೆಂಟು ಹೋಗಿ ಬಂದು ಫ್ರೀಜರು ಬೆಚ್ಚಗಾದರೂ ಪೆಟ್ಟು. ಅಮಾಕ್ಸಿಸಿಲಿನ್ ಉಳಿದು ಕ್ಲಾವುಲನಿಕ್ ಆಮ್ಲ ಸತ್ತಿರುವ ಬಿಲ್ಲೆ ನೋಡಲು ಮೊದಲಿನಂತೆಯೇ ಇರುತ್ತದೆ, ತಟ್ಟೆಯ ಮೇಲೆ ಮಾತ್ರ ಯಾವ ಕೀಹೋಲೂ ಮೂಡುವುದಿಲ್ಲ. ಇದನ್ನು ಸಾಮಾನ್ಯ ಇ. ಕೋಲಿ ಕಂಟ್ರೋಲಿನಿಂದ, ಅಂದರೆ ಎಟಿಸಿಸಿ 25922ರಿಂದ, ಪತ್ತೆಹಚ್ಚಲಾಗದು. ಅದರಲ್ಲಿ ಬೀಟಾ-ಲ್ಯಾಕ್ಟಮೇಸ್ ಇಲ್ಲವಾದ್ದರಿಂದ ಬರಿಯ ಅಮಾಕ್ಸಿಸಿಲಿನ್ನೇ ಸರಿಯಾದ ಝೋನ್ ಕೊಟ್ಟುಬಿಡುತ್ತದೆ. ಅದಕ್ಕಾಗಿ ಕಿಣ್ವ ತಯಾರಿಸುವ ಎಟಿಸಿಸಿ 35218 ಇ. ಕೋಲಿಯನ್ನು ಬಳಸುತ್ತಾರೆ. ಅದರ ಮೇಲೆ ಅಮಾಕ್ಸಿಕ್ಲಾವ್ ಝೋನ್ 17ರಿಂದ 22 ಮಿಲಿಮೀಟರಿನೊಳಗೆ ಬಂದರೆ ಬಿಲ್ಲೆಯಲ್ಲಿ ಕ್ಲಾವುಲನಿಕ್ ಆಮ್ಲ ಜೀವಂತವಾಗಿದೆ. ಜೊತೆಗೆ ಇಎಸ್‌ಬಿಎಲ್ ಇರುವುದು ಗೊತ್ತಿರುವ ಕ್ಲೆಬ್ಸಿಯೆಲ್ಲಾ, ಎಟಿಸಿಸಿ 700603, ಅದೇ ಅಂತರದಲ್ಲಿ ಕೀಹೋಲ್ ಕೊಡಬೇಕು. ಅದು ಕೊಡದ ದಿನ ರೋಗಿಗಳ ಯಾವ ನೆಗೆಟಿವನ್ನೂ ಹೊರಗೆ ಕಳುಹಿಸಬಾರದು.

ಇಷ್ಟೆಲ್ಲ ಮಾಡಿ ಆ ಹೆಂಗಸಿಗೆ ಸಿಕ್ಕಿದ್ದೇನು? ಸೆಫೋಟ್ಯಾಕ್ಸಿಮ್, ಸೆಫ್ಟಾಜಿಡಿಮ್ ಉಪಯೋಗವಿಲ್ಲ ಎಂದು ಝೋನುಗಳೇ ಹೇಳಿದ್ದವು. 2010ರಲ್ಲಿ ಸಿಎಲ್‌ಎಸ್‌ಐ ಈ ಔಷಧಿಗಳ ಗಡಿ ಅಂಕಿಗಳನ್ನು ಬಿಗಿಗೊಳಿಸಿದ ಮೇಲೆ, ಎಸ್ ಅಥವಾ ಆರ್ ಎಂದು ಬರೆಯಲು ಇಎಸ್‌ಬಿಎಲ್ ಪರೀಕ್ಷೆ ಕಡ್ಡಾಯವಲ್ಲ. ಅದಕ್ಕೂ ಮೊದಲು ಝೋನ್ ಚೆನ್ನಾಗಿದ್ದರೂ ಇಎಸ್‌ಬಿಎಲ್ ಸಿಕ್ಕರೆ ಸೆಫಲೋಸ್ಪೋರಿನ್‌ಗಳನ್ನೆಲ್ಲ ಆರ್ ಎಂದು ತಿದ್ದಬೇಕಿತ್ತು. ಈಗ ಸಿನರ್ಜಿ ಹೇಳುವುದು ಪ್ರತಿರೋಧದ ಕಾರಣವನ್ನು, ಆ ಕಾರಣ ಪಟ್ಟಿಯ ಬೇರೆ ಸಾಲುಗಳನ್ನು ಓದುವ ರೀತಿಯನ್ನು ಬದಲಿಸುತ್ತದೆ. ಪೈಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಎದುರು ಎಸ್ ಬಂದಿದೆ ಎಂದಿಟ್ಟುಕೊಳ್ಳಿ. ಟ್ಯಾಜೊಬ್ಯಾಕ್ಟಮ್ ಕೂಡ ಕ್ಲಾವುಲನಿಕ್ ಆಮ್ಲದ ಹಾಗೆ ಕಿಣ್ವ ಕಟ್ಟಿಹಾಕುವ ವಸ್ತು, ಹಾಗಾಗಿ ಕೊಡಬಹುದಲ್ಲ ಎನಿಸುತ್ತದೆ. ಆದರೆ ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಇ. ಕೋಲಿ ಮತ್ತು ಕ್ಲೆಬ್ಸಿಯೆಲ್ಲಾ ರಕ್ತಕ್ಕೆ ಸೇರಿದ ರೋಗಿಗಳ ಮೇಲೆ ನಡೆದ ಮೆರಿನೊ ಅಧ್ಯಯನ 2018ರಲ್ಲಿ ಪ್ರಕಟವಾಯಿತು. 30 ದಿನಗಳೊಳಗೆ ತೀರಿಕೊಂಡವರು ಮೆರೊಪೆನಮ್ ಪಡೆದವರಲ್ಲಿ ಶೇ. 3.7, ಪೈಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಪಡೆದವರಲ್ಲಿ ಶೇ. 12.3. ರಕ್ತದ ಸೋಂಕಿನಲ್ಲಿ ಆ ಎಸ್ ಅಕ್ಷರವನ್ನು ನಂಬಲು ವೈದ್ಯರು ಹಿಂಜರಿಯುವುದು ಇದರಿಂದ.

ನಮ್ಮ ಮಾದರಿಯಲ್ಲಿ ಜ್ವರವಿಲ್ಲ, ಬೆನ್ನಿನ ಮಗ್ಗುಲು ನೋವಿಲ್ಲ, ಸೋಂಕು ಮೂತ್ರಕೋಶದಲ್ಲೇ ಇದೆ. ಮೂತ್ರಪಿಂಡ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ರಕ್ತಪರೀಕ್ಷೆ ಹೇಳಿದೆ. ನೈಟ್ರೊಫ್ಯುರಾಂಟೋಯಿನ್ ಬಿಲ್ಲೆಯ ಝೋನ್ 22 ಮಿಲಿಮೀಟರ್, ಸೆನ್ಸಿಟಿವ್ ಎನ್ನಲು 17 ಸಾಕು. ಅದು ಬೀಟಾ-ಲ್ಯಾಕ್ಟಮ್ ಅಲ್ಲ, ಅದರಲ್ಲಿ ಒಡೆಯಲು ಉಂಗುರವೇ ಇಲ್ಲ. ವೈದ್ಯರು ಅದನ್ನೇ ಬರೆದುಕೊಡುತ್ತಾರೆ, ಬಾಯಿಯಿಂದ ನುಂಗುವ ಔಷಧಿಯಾದ್ದರಿಂದ ಆಕೆ ಇಂಜೆಕ್ಷನ್ನಿಗಾಗಿ ಆಸ್ಪತ್ರೆಗೆ ಸೇರಬೇಕಿಲ್ಲ, ಮೆರೊಪೆನಮ್ ಮುಟ್ಟುವ ಪ್ರಸಂಗವೂ ಬರುವುದಿಲ್ಲ.